ಬಿಟ್ಟ ಮಾತಿಗೆ ಹಿಡಿ ಎಲ್ಲಿದೆ?

ಪ್ರಶ್ನೆ: ಸಾರ್, ನಾನು ಚಿಂತಾಮಣಿ ಕಡೆಯವಳು. ನಮ್ಮ ತೋಟದಲ್ಲಿ ಬೋರು ಕೊರೆಸಿದ್ದರ ಮೇಲೆ ಒಂಬತ್ತು ಸಾಲಿನ ಕವನ ಬರೆದಿದ್ದೆ. ಕವಿಗೋಷ್ಠಿಯಲ್ಲಿ ಹಿರಿಯರೊಬ್ಬರು 'ಜಾಸ್ತಿ ಹೇಳ್ಬಿಟ್ಟಿದ್ದೀಯಮ್ಮ, ಕತ್ತರಿಸು' ಅಂದರು. ಕತ್ತರಿಸುತ್ತಾ ಹೋಗಿ ಕೊನೆಗೆ ಉಳಿದದ್ದು ಇಷ್ಟು: 'ಸಾವಿರದಿನ್ನೂರು ಅಡಿ / ಧೂಳು / ಅಪ್ಪ.' ಪ್ರತಿ ಸಾಲಿನ ನಡುವೆ ಖಾಲಿ ಜಾಗ ಬಿಟ್ಟಿದ್ದೇನೆ. ಒಬ್ಬರು ತುಂಬಾ ಚೆನ್ನಾಗಿದೆ ಅಂತಾರೆ, ಇನ್ನೊಬ್ಬರು ಏನೂ ಅರ್ಥ ಆಗಲಿಲ್ಲ ಅಂತಾರೆ. ಎಲ್ಲಿಗೆ ನಿಲ್ಲಿಸಬೇಕು? ಮತ್ತೆ, ಹೇಳದೇ ಬಿಟ್ಟದ್ದರಲ್ಲಿ ಅರ್ಥ ಇದೆ ಅಂತ ವಾದ ಮಾಡೋದಕ್ಕೆ ಆಧಾರ ಏನು? ಅದು ನಮಗೆ ಬೇಕಾದ್ದನ್ನು ಊಹಿಸಿಕೊಳ್ಳೋದಲ್ವಾ?

ಉತ್ತರ: ಮೂರು ಸಾಲಿನ ಜೊತೆಗೆ ಹಳೆಯ ಒಂಬತ್ತು ಸಾಲನ್ನೂ ಕಳಿಸಿದ್ದು ಒಳ್ಳೆಯದಾಯಿತು. ಅದಿಲ್ಲದೆ ನಾನು ಏನು ಹೇಳಿದ್ದರೂ ಸುಮ್ನೆ ಮಾತಾಗುತ್ತಿತ್ತು. ಓದುವವರಿಗಾಗಿ ಅದನ್ನು ಇಲ್ಲಿ ಕೊಡುತ್ತೇನೆ.

ಸಾವಿರದಿನ್ನೂರು ಅಡಿ ಕೊರೆಸಿದರೂ
ಒಂದು ಹನಿ ನೀರು ಬರಲಿಲ್ಲ
ಬರೀ ಧೂಳು ಎದ್ದಿತು
ಸಾಲ ಮಾತ್ರ ಉಳಿಯಿತು
ಬೋರು ಲಾರಿ ಹೊರಟುಹೋಯಿತು
ಅಪ್ಪನ ಕನಸು ಬತ್ತಿತು
ಅಪ್ಪ ಮುಖ ತೊಳೆಯಲು
ಪಕ್ಕದ ಮನೆಗೆ ಹೋದ
ಅವನ ಕಣ್ಣಲ್ಲಿ ಮಾತ್ರ ನೀರಿತ್ತು

ಕೋಲಾರದಲ್ಲಿ ಬಹಳ ವರ್ಷ ಕನ್ನಡ ಪಾಠ ಮಾಡಿದ್ದೇನೆ. ಹೊಸದಾಗಿ ಬರೆಯುವವರ ಹನಿಗವನಗಳನ್ನು ಅವರ ಜೊತೆ ಕೂತು ತಿದ್ದಿದ್ದೇನೆ. ಕತ್ತರಿಸು ಅಂದಾಗ ಹೆಚ್ಚಿನವರ ಕೈ ಹೋಗುವುದು ಒಂದೇ ಕಡೆಗೆ. ತೂಕದ ಪದಗಳನ್ನು ಉಳಿಸಿಕೊಳ್ಳುತ್ತಾರೆ, ಸಣ್ಣ ಕೆಲಸವನ್ನು ಕತ್ತರಿಸುತ್ತಾರೆ. ನೀವೂ ಹಾಗೇ ಮಾಡಿದ್ದೀರಿ. ಅಡಿ, ಧೂಳು, ಅಪ್ಪ, ಮೂರೂ ತೂಕದ ಪದಗಳೇ. ಆದರೆ ಈ ಒಂಬತ್ತು ಸಾಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಏಳನೆಯದು ಮತ್ತು ಎಂಟನೆಯದು. ಬೋರು ಕೊರೆಸಿದ ಮನುಷ್ಯ ಮುಖ ತೊಳೆಯಲು ಪಕ್ಕದ ಮನೆಗೆ ಹೋಗಬೇಕಾಯಿತು. ಇದನ್ನು ಕಣ್ಣಾರೆ ನೋಡದವರು ಬರೆಯಲಾರರು. ನೀವು ತೆಗೆದುಹಾಕಿದ್ದು ಅದನ್ನೇ.

ಹಾಗಾಗಿ ಪದ ಕಡಿಮೆಯಾದಷ್ಟೂ ಅರ್ಥ ಜಾಸ್ತಿಯಾಗುತ್ತದೆ ಎನ್ನುವ ನಂಬಿಕೆಯನ್ನು ಮೊದಲು ಬಿಡಿ. ಎಷ್ಟು ಪದ ಉಳಿಯಿತು ಅನ್ನುವುದು ಲೆಕ್ಕಕ್ಕಿಲ್ಲ. ತೆಗೆದ ಮಾತಿಗೆ ಉಳಿದ ಪದಗಳಲ್ಲಿ ಒಂದು ಹಿಡಿ ಇರಬೇಕು. ಕುಡುಗೋಲಿಗೆ ಹಿಡಿ ಇರುತ್ತದಲ್ವಾ, ಹಾಗೆ. ಓದುವವರು ಅದನ್ನು ಹಿಡಿದು ಎಳೆದರೆ ಬಿಟ್ಟದ್ದು ತಾನೇ ಮೇಲೆ ಬರಬೇಕು. ಹಿಡಿ ಇಲ್ಲದಿದ್ದರೆ ಅಲ್ಲಿರುವುದು ಬರೀ ಖಾಲಿ.

ಈಗ ಸಾಲುಗಳನ್ನು ಒಂದೊಂದಾಗಿ ನೋಡೋಣ.

'ಒಂದು ಹನಿ ನೀರು ಬರಲಿಲ್ಲ' ಎನ್ನುವುದನ್ನು ಧೈರ್ಯವಾಗಿ ತೆಗೆಯಬಹುದು. ಅದರ ಹಿಡಿ 'ಧೂಳು' ಎಂಬ ಪದದಲ್ಲಿದೆ. ಬೋರು ಕೊರೆಯುವುದನ್ನು ನೋಡಿದವರಿಗೆ ಇದು ಗೊತ್ತು. ಕಂಪ್ರೆಸರ್ ಗಾಳಿಯ ಒತ್ತಡಕ್ಕೆ ಒಳಗಿನ ಕಲ್ಲು ಪುಡಿಯಾಗಿ ಮೇಲೆ ಹಾರುತ್ತದೆ. ನೀರು ಸಿಕ್ಕ ತಕ್ಷಣ ಆ ಪುಡಿ ಒದ್ದೆಯಾಗಿ ಕೆಸರಾಗಿ ಚಿಮ್ಮುತ್ತದೆ. ಒಣ ಧೂಳು ಹಾರುತ್ತಿದೆ ಎಂದರೆ ನೀರಿಲ್ಲ ಎಂದೇ ಅರ್ಥ. ಎರಡನ್ನೂ ಹೇಳಿದರೆ ಒಂದೇ ಮಾತನ್ನು ಎರಡು ಸಲ ಹೇಳಿದಂತೆ.

'ಸಾಲ ಮಾತ್ರ ಉಳಿಯಿತು' ಸ್ವಲ್ಪ ಕಷ್ಟದ್ದು. ಅದನ್ನು ತೆಗೆದರೆ ಸಾಲದ ಸುಳಿವು ಪೂರ್ತಿ ಹೋಗುತ್ತದೆಯೇ? ಅರ್ಧ ಹೋಗುತ್ತದೆ. ಬೋರಿಗೆ ಅಡಿ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ. ನಮ್ಮ ಜಿಲ್ಲೆಗಳಲ್ಲಿ 1,200 ಅಡಿ ಅಂದ ಕೂಡಲೇ ಕೇಳಿದವರು ಮನಸ್ಸಿನಲ್ಲೇ ಗುಣಿಸಿಬಿಡುತ್ತಾರೆ. ಸಂಖ್ಯೆಯೇ ಬಿಲ್. ಆದರೆ ಒಂದು ಬೋರಿನ ಖರ್ಚು ಬೇರೆ, ಮನೆ ಮುಳುಗುವ ಸಾಲ ಬೇರೆ. ಆ ಉಳಿದರ್ಧಕ್ಕೆ ನಾನು ಶೀರ್ಷಿಕೆಯನ್ನು ಬಳಸುತ್ತೇನೆ. ಇದು ನಿಮ್ಮ ಎಷ್ಟನೇ ಬೋರು? ಮೂರನೆಯದಾಗಿದ್ದರೆ 'ಮೂರನೇ ಬೋರು' ಎಂದು ಹೆಸರಿಡಿ. 'ನೇ' ಎಂಬ ಒಂದು ಅಕ್ಷರ ಹಿಂದಿನ ಎರಡನ್ನೂ ಎಳೆದು ತರುತ್ತದೆ. ಅವು ಏನಾದವು ಅಂತ ಹೇಳಬೇಕಿಲ್ಲ. ನೀರು ಬಂದಿದ್ದರೆ ಮೂರನೆಯದು ಯಾಕೆ? ಅಷ್ಟು ಪುಟ್ಟ ಕವನದಲ್ಲಿ ಶೀರ್ಷಿಕೆ ಬಾಗಿಲ ಮೇಲಿನ ಬೋರ್ಡಲ್ಲ, ಅದೂ ಒಂದು ಸಾಲು. ನೀವು ಶೀರ್ಷಿಕೆಯನ್ನೇ ಇಟ್ಟಿಲ್ಲ.

'ಅಪ್ಪನ ಕನಸು ಬತ್ತಿತು' ಎಂಬುದಕ್ಕೆ ಹಿಡಿ ಹುಡುಕುವ ಗೋಜೇ ಬೇಡ. ಕನಸು ಬತ್ತುವುದನ್ನು ನಾವು ನೂರು ಕವನಗಳಲ್ಲಿ ಓದಿದ್ದೇವೆ. ಲಾರಿ ಹೊರಟಿದ್ದೂ ಬೇಡ, ಧೂಳಾದ ಮೇಲೆ ಲಾರಿ ಇನ್ನೇನು ಮಾಡುತ್ತದೆ.

ಕೊನೆಯ ಸಾಲಿನ ಮೇಲೆ ನಿಮಗೆ ಪ್ರೀತಿ ಇರಬಹುದು. ನೆಲದಲ್ಲಿಲ್ಲದ ನೀರು ಕಣ್ಣಲ್ಲಿದೆ ಎಂಬ ಜೋಡಣೆ ಕೇಳಲು ಚೆಂದ. ಗೋಷ್ಠಿಯಲ್ಲಿ ಚಪ್ಪಾಳೆ ಬಿದ್ದಿದ್ದರೆ ಅದಕ್ಕೇ ಇರಬೇಕು. ಆದರೂ ತೆಗೆಯಿರಿ ಅಂತಲೇ ಹೇಳುತ್ತೇನೆ. ಅಪ್ಪ ಮುಖ ತೊಳೆಯಲು ಹೋದದ್ದು ಯಾಕೆ? ಧೂಳು ಮೆತ್ತಿತ್ತು, ಅದಕ್ಕೆ. ಅಥವಾ ಅತ್ತಿದ್ದ, ಅದಕ್ಕೆ. ಎರಡರಲ್ಲಿ ಯಾವುದು ಅಂತ ನೋಡುತ್ತಿರುವ ಮಗಳಿಗೂ ಖಚಿತವಿಲ್ಲ. ಗಂಡಸರು ಅಳುವಾಗ ಮನೆಯ ಮಕ್ಕಳಿಗೆ ಅಷ್ಟೇ ಗೊತ್ತಾಗುವುದು. ಕೊನೆಯ ಸಾಲು ಈ ಅನುಮಾನವನ್ನು ಮುಗಿಸಿಬಿಡುತ್ತದೆ. ಅದು ಹೋದರೆ ಧೂಳು, ಕಣ್ಣೀರು ಎರಡೂ ಒಂದೇ ಮುಖದ ಮೇಲೆ ಉಳಿಯುತ್ತವೆ.

ಇಷ್ಟು ಮಾಡಿದ ಮೇಲೆ ಉಳಿದದ್ದು ಇದು. ಎಲ್ಲಾ ಪದ ನಿಮ್ಮವೇ, ಶೀರ್ಷಿಕೆ ಬಿಟ್ಟರೆ ನಾನು ಒಂದನ್ನೂ ಸೇರಿಸಿಲ್ಲ.

ಮೂರನೇ ಬೋರು

ಸಾವಿರದಿನ್ನೂರು ಅಡಿ
ಧೂಳು

ಅಪ್ಪ ಮುಖ ತೊಳೆಯಲು
ಪಕ್ಕದ ಮನೆಗೆ ಹೋದ

ಖಾಲಿ ಸಾಲು ಒಂದೇ ಇದೆ, ಗಮನಿಸಿ. ನೀವು ಪ್ರತಿ ಸಾಲಿನ ನಡುವೆಯೂ ಬಿಟ್ಟಿದ್ದಿರಿ. ಎಲ್ಲ ಕಡೆ ನಿಲ್ಲಿಸಿದರೆ ಓದುವವರಿಗೆ ಎಲ್ಲಿ ನಿಲ್ಲಬೇಕು ಅಂತ ತಿಳಿಯುವುದಿಲ್ಲ. ಖಾಲಿ ಜಾಗಕ್ಕೆ ತನ್ನದೇ ಅರ್ಥ ಅಂತ ಏನೂ ಇಲ್ಲ. ಅದರ ಮೇಲೆ ಏನಿದೆ, ಕೆಳಗೆ ಏನಿದೆ ಎನ್ನುವುದರಿಂದ ಅದಕ್ಕೆ ಆಕಾರ ಬರುತ್ತದೆ. ಇಲ್ಲಿ ಮೇಲಿರುವುದು ತೋಟ, ಗದ್ದಲ, ಹಾರುವ ಪುಡಿ. ಕೆಳಗಿರುವುದು ಮನೆ, ಒಬ್ಬ ಮನುಷ್ಯನ ನಡಿಗೆ. ಯಂತ್ರ ನಿಂತದ್ದು, ಯಾರೂ ಮಾತಾಡದೇ ಇದ್ದದ್ದು, ದುಡ್ಡು ಎಣಿಸಿ ಕೊಟ್ಟದ್ದು, ಲಾರಿ ಹೋದದ್ದು, ಎಲ್ಲ ಆ ಒಂದು ಸಾಲಿನೊಳಗೆ ನಡೆದಿದೆ. ಅಷ್ಟು ಹೊತ್ತು ಕಳೆದಿದೆ ಅಂತ ಹೇಗೆ ಗೊತ್ತು? ಅಡಿ ಎಣಿಸುತ್ತಿದ್ದ ಕವನ ಎಣಿಸುವುದನ್ನು ಬಿಟ್ಟು ಅಪ್ಪನ ಕಡೆ ತಿರುಗಿದೆ. ಆ ತಿರುವೇ ಹಿಡಿ.

ಖಾಲಿ ಸಾಲು ಮತ್ತು ಸಾಲು ಮುರಿಯುವುದು ಎರಡೂ ಒಂದೇ ಅಲ್ಲ, ಇದನ್ನೂ ಹೇಳಿಬಿಡುತ್ತೇನೆ. 'ಅಪ್ಪ ಮುಖ ತೊಳೆಯಲು' ಎಂದು ಸಾಲು ನಿಲ್ಲುತ್ತದೆ. 'ತೊಳೆಯಲು' ಎಂಬುದು ಮುಗಿಯದ ರೂಪ, ಮುಂದೆ ಒಂದು ಕ್ರಿಯೆ ಬರಲೇಬೇಕು. ಕಿವಿ ಕಾಯುತ್ತದೆ. ತೊಟ್ಟಿಯ ಹತ್ತಿರ, ನಲ್ಲಿಯ ಹತ್ತಿರ, ಹಿತ್ತಲಿಗೆ, ಹೀಗೆ ಏನೋ ಬರುತ್ತದೆ ಅಂದುಕೊಳ್ಳುತ್ತೇವೆ. ಬರುವುದು 'ಪಕ್ಕದ ಮನೆಗೆ.' ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಕೂರುವುದರಿಂದ ಈ ಕಾಯಿಸುವಿಕೆ ಸಲೀಸಾಗಿ ಸಿಗುತ್ತದೆ. ಇಲ್ಲಿ ಖಾಲಿ ಸಾಲು ಹಾಕಿದ್ದರೆ ಕಾಯಿಸುವುದು ನಾಟಕವಾಗುತ್ತಿತ್ತು.

ಇನ್ನೊಂದು ಅನುಭವದ ಮಾತು. ವರ್ಷಗಳ ಹಿಂದೆ ನನ್ನದೊಂದು ಪುಟ್ಟ ಕವನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕಾಲಮ್ಮಿನಲ್ಲಿ ಜಾಗ ಸಾಲದೆ ಖಾಲಿ ಸಾಲನ್ನು ಮುಚ್ಚಿದ್ದರು. ಕವನ ಬಿದ್ದೇ ಹೋಯಿತು, ಯಾಕೆಂದರೆ ನಾನು ಪೂರ್ತಿ ಭಾರವನ್ನು ಆ ಖಾಲಿ ಸಾಲಿನ ಮೇಲೆ ಹೇರಿದ್ದೆ. ಅಂದಿನಿಂದ ನಾನು ಖಾಲಿ ಸಾಲನ್ನು ಮುಚ್ಚಿ ಒಮ್ಮೆ ಓದಿ ನೋಡುತ್ತೇನೆ. ನಿಮ್ಮ ಕವನವನ್ನೂ ಹಾಗೆ ಓದಿದೆ. ಸ್ವಲ್ಪ ಅವಸರವಾಯಿತು, ಆದರೆ ನಿಂತುಕೊಂಡಿತು. ಗೋಷ್ಠಿಯಲ್ಲಿ ಓದುವಾಗ 'ಧೂಳು' ಆದ ಮೇಲೆ ಒಂದು ಉಸಿರು ಪೂರ್ತಿ ಬಿಡಿ. ಕೇಳುವವರಿಗೆ ಖಾಲಿ ಸಾಲು ಕಾಣುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ಜಾಸ್ತಿ ಇಷ್ಟವಾದದ್ದು ಇದು.

ಬಿಟ್ಟ ಮಾತಿಗೆ ಆಧಾರ ಇದೆಯೇ ಅಂತ ನಮ್ಮ ಅಲಂಕಾರಶಾಸ್ತ್ರದವರೂ ತಲೆ ಕೆಡಿಸಿಕೊಂಡಿದ್ದರು. ಅವರು ಕೊಡುವ ಒಂದು ಉದಾಹರಣೆ ಬಹಳ ಸರಳ: 'ಹೊತ್ತು ಮುಳುಗಿತು.' ದನ ಕಾಯುವವನು ಇದನ್ನು ಕೇಳಿದರೆ ದನ ಹೊಡೆದುಕೊಂಡು ಬಾ ಎಂದಾಗುತ್ತದೆ. ಅಂಗಡಿಯವನು ಕೇಳಿದರೆ ಸರಕು ಒಳಗಿಡು ಎಂದಾಗುತ್ತದೆ. ಪ್ರಿಯನಿಗಾಗಿ ಕಾಯುವವಳಿಗೆ ಇನ್ನೂ ಬರಲಿಲ್ಲವಲ್ಲ ಎಂದಾಗುತ್ತದೆ. ಅರ್ಥ ಹಲವು, ಹಾಗಂತ ಏನು ಬೇಕಾದರೂ ಅಲ್ಲ. ಹೇಳುವವರು ಯಾರು, ಕೇಳುವವರು ಯಾರು, ಯಾವ ಜಾಗ, ಯಾವ ಹೊತ್ತು ಎಂಬುದು ಗೊತ್ತಾದರೆ ಹೇಳದ ಮಾತು ಕಟ್ಟಿಹಾಕಿದಂತೆ ಒಂದು ಕಡೆ ನಿಲ್ಲುತ್ತದೆ.

ನಿಮ್ಮ ಕವನದಲ್ಲಿ ಹೇಳುವವರು ಯಾರು? 'ನಾನು' ಎಂಬ ಪದವೇ ಇಲ್ಲ. ಆದರೆ 'ಅಪ್ಪ' ಎಂದಿದೆ. ಹಾಗೆ ಕರೆಯಬಲ್ಲವರು ಮಕ್ಕಳು ಮಾತ್ರ. ಮನೆಯ ಹತ್ತಿರ ನಿಂತು, ಅಪ್ಪ ಯಾವ ಕಡೆ ಹೆಜ್ಜೆ ಹಾಕಿದ ಅಂತ ನೋಡಿದ ಒಂದು ಮಗು ಅಲ್ಲಿದೆ. ಪದ ಬದಲಿಸಿ ನೋಡಿ: 'ರೈತ ಮುಖ ತೊಳೆಯಲು ಪಕ್ಕದ ಮನೆಗೆ ಹೋದ.' ಮಗು ಮಾಯವಾಯಿತು, ವರದಿ ಉಳಿಯಿತು. 'ಪಕ್ಕದ ಮನೆಗೆ' ತೆಗೆದು 'ಒಳಗೆ' ಹಾಕಿ. ಅಪ್ಪ ಅಳು ಮುಚ್ಚಿಟ್ಟುಕೊಂಡ, ಅಷ್ಟೇ. ಇನ್ನೊಬ್ಬರ ನೀರು ಕೇಳಬೇಕಾದ ಸಂಕೋಚ ಹೋಯಿತು. 'ಕೆರೆಗೆ' ಎಂದು ಹಾಕಿ. ಊರಲ್ಲಿ ನೀರಿದೆ ಎಂದಾಯಿತು, ಕವನವೇ ಕುಸಿಯಿತು. ನಾನು ವಾದ ಮಾಡುವುದು ಹೀಗೆ. ಒಂದು ಪದ ಬದಲಿಸಿದಾಗ ಬಿಟ್ಟ ಅರ್ಥವೂ ಜೊತೆಗೇ ಬದಲಾದರೆ, ಆ ಅರ್ಥ ಆ ಪದಕ್ಕೆ ಕಟ್ಟಿಕೊಂಡಿತ್ತು ಎಂದು ತೋರಿಸಿದಂತಾಯಿತು. ಪದ ಬದಲಿಸಿದರೂ ನಮ್ಮ ವ್ಯಾಖ್ಯಾನ ಅಲುಗಾಡದಿದ್ದರೆ, ಅದು ಕವನದಿಂದ ಬಂದದ್ದಲ್ಲ, ನಾವೇ ತಂದದ್ದು.

ನಿಮ್ಮ ಹೆಸರು ಹೇಳದೆ ಎರಡೂ ರೂಪಗಳನ್ನು ಐದು ಜನರಿಗೆ ಓದಿಸಿದೆ. ಮೂರು ಸಾಲಿನದನ್ನು ಮೊದಲು ಕೊಟ್ಟೆ. ಶ್ರೀನಿವಾಸಪುರದ ಮಾವಿನ ತೋಟದವರೊಬ್ಬರು ತಕ್ಷಣ 'ಬೋರು ಫೇಲು' ಅಂದರು. ನನ್ನ ಹಳೆಯ ಸಹೋದ್ಯೋಗಿಯೂ ಹಾಗೇ ಓದಿದರು. ಬಿ.ಎ. ಓದುವ ಹುಡುಗಿ ಅಪ್ಪ ತೀರಿಕೊಂಡ ಅಂದಳು. ಉಡುಪಿಯಿಂದ ಬಂದು ಇಲ್ಲಿ ಬ್ಯಾಂಕಿನಲ್ಲಿರುವವರಿಗೆ ಏನೂ ಹೊಳೆಯಲಿಲ್ಲ. ಐದನೆಯವರು ಕೆಜಿಎಫ್‌ನವರು. ಅವರು ಬಹಳ ಹೊತ್ತು ಸುಮ್ಮನಿದ್ದು, ಇದು ಗಣಿ ಕೆಲಸದವರ ಕವನ ಅಂದರು. ಅಡಿಗಟ್ಟಲೆ ಆಳಕ್ಕಿಳಿದು, ಕಲ್ಲಿನ ಧೂಳು ಕುಡಿದು, ಶ್ವಾಸಕೋಶ ಕೆಟ್ಟ ಅಪ್ಪ. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಆ ಮನೆಗಳಲ್ಲಿ ಆ ಧೂಳು ಇನ್ನೂ ಇದೆ.

ಅವರ ಓದು ನನ್ನನ್ನು ಅಲ್ಲಾಡಿಸಿತು. ಯಾಕೆಂದರೆ ಅದು ತಪ್ಪು ಅನ್ನಲು ನಿಮ್ಮ ಮೂರು ಸಾಲುಗಳಲ್ಲಿ ಏನೂ ಇಲ್ಲ. ಕವನಕ್ಕೆ ಬಿಟ್ಟ ಜಾಗದಲ್ಲಿ 'ಹೌದು' ಅನ್ನಲು ಬಂದಂತೆ 'ಇದಲ್ಲ' ಅನ್ನಲೂ ಬರಬೇಕು. ಮೂರು ಸಾಲಿನದಕ್ಕೆ ಅದು ಬರುವುದಿಲ್ಲ.

ಆಮೇಲೆ ಎರಡನೆಯದನ್ನು ಕೊಟ್ಟೆ. ಐದು ಜನರೂ ಮನೆಯಲ್ಲಿ ನೀರಿಲ್ಲ ಅಂದರು. ಮೂವರು ಅಪ್ಪ ಅತ್ತಿದ್ದಾನೆ ಅಂದರು. ಒಬ್ಬರು ಧೂಳು ತೊಳೆಯಲು ಹೋದ, ಪಕ್ಕದವರು ಒಳ್ಳೆಯವರು ಅಂದರು. ಇನ್ನೊಬ್ಬರು, ಪಕ್ಕದ ಮನೆಯವರ ಬೋರಿನಲ್ಲಿ ನೀರಿದೆ, ಅದೇ ದೊಡ್ಡ ನೋವು ಅಂದರು. ಉತ್ತರಗಳು ಬೇರೆ, ಆದರೆ ಎಲ್ಲವೂ ಒಂದೇ ಬಾವಿಯ ಸುತ್ತ ನಿಂತಿವೆ. ಹುಡುಗಿ ಮಾತ್ರ, ಅಪ್ಪ ವಾಪಸ್ ಬರಲಿಲ್ಲ ಅಂತ ಓದಬಹುದಲ್ವಾ ಸಾರ್ ಅಂತ ಕೇಳಿದಳು. ಹಾಗೆ ಓದಲು ಬರುವುದಿಲ್ಲ ಎಂದೆ. ಮುಖ ತೊಳೆದುಕೊಳ್ಳುವವನು ಮತ್ತೆ ನಾಲ್ಕು ಜನರ ಮುಂದೆ ನಿಲ್ಲಲು ಸಿದ್ಧನಾಗುತ್ತಿದ್ದಾನೆ. ಅವಳು ಒಪ್ಪಿದಳು. ಪಕ್ಕದವರ ಬೋರಿನ ವಿಷಯಕ್ಕೂ ಕವನದಲ್ಲಿ ಪೂರ್ತಿ ಆಧಾರವಿಲ್ಲ. ಅವರು ಟ್ಯಾಂಕರ್ ನೀರು ತರಿಸಿರಬಹುದು. ಅದು ಬರಬಹುದಾದ ನೆರಳು, ಸಾಧಿಸಬಹುದಾದ ಅರ್ಥವಲ್ಲ.

ನಿಮಗೆ ಇನ್ನೂ ಚಿಕ್ಕದೇ ಬೇಕು ಅನ್ನಿಸಿದರೆ ಒಂದು ದಾರಿ ಇದೆ, ಆದರೆ ಅಪಾಯವೂ ಇದೆ. ಬಾದಾಮಿಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನವನ್ನು ಶಾಲೆಯಲ್ಲಿ ಕೇಳಿರುತ್ತೀರಿ. 'ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ' ಎನ್ನುವಲ್ಲಿ ಕ್ರಿಯಾಪದವೇ ಇಲ್ಲ. ಆದರೂ ಒಳ್ಳೆಯವರಿಗೆ ಅವನು ಒಳ್ಳೆಯವನಾಗಿರುತ್ತಾನೆ ಅಂತ ತಿಳಿಯುತ್ತದೆ. 'ಗೆ' ಎಂಬ ಪ್ರತ್ಯಯ ಇಲ್ಲದ ಕ್ರಿಯೆಯನ್ನು ಹಿಡಿದುಕೊಂಡಿದೆ. ಕನ್ನಡದಲ್ಲಿ ಇಂಥ ಸಣ್ಣ ಹಿಡಿಗಳು ಬಹಳ. ನಿಮ್ಮ ಬರೀ 'ಅಪ್ಪ' ಯಾವುದನ್ನೂ ಹಿಡಿಯುವುದಿಲ್ಲ. 'ಅಪ್ಪನಿಗೆ' ಎಂದರೆ ಅವನಿಗೆ ಏನೋ ಆಯಿತು ಎಂದು ಕಿವಿ ಕಾಯುತ್ತದೆ. 'ಅಪ್ಪನೂ' ಎಂದು ಬರೆದು ನೋಡಿ:

ಸಾವಿರದಿನ್ನೂರು ಅಡಿ
ಧೂಳು

ಅಪ್ಪನೂ

ಒಂದು 'ಊ' ಬಂದ ಕೂಡಲೇ ಅಪ್ಪನೂ ಧೂಳಾದ ಎಂದಾಯಿತು. ಕವನಕ್ಕೆ ಬೆನ್ನುಮೂಳೆ ಬಂತು. ಆದರೆ ಇಲ್ಲಿ ಆ ಹುಡುಗಿಯ ಓದು ಸರಿಯಾಗಿಬಿಡುತ್ತದೆ. ಧೂಳಾದ ಎಂದರೆ ಸತ್ತ ಎಂದೇ ಹೆಚ್ಚಿನವರು ಓದುತ್ತಾರೆ. ಕೆಜಿಎಫ್‌ನವರ ಓದಂತೂ ಇನ್ನೂ ಬಲವಾಗುತ್ತದೆ. ಶೀರ್ಷಿಕೆ ಹಾಕಿದರೆ ಗಣಿ ಹೋಗುತ್ತದೆ, ಸಾವು ಹೋಗುವುದಿಲ್ಲ. ನಿಮ್ಮ ಅಪ್ಪ ಮುಖ ತೊಳೆದುಕೊಂಡು ವಾಪಸ್ ಬಂದವರು. ಹಾಗಾಗಿ ನಾನು ಇದನ್ನು ಒಪ್ಪುವುದಿಲ್ಲ.

ಉಡುಪಿಯವರ ಕಷ್ಟ ಮಾತ್ರ ಪೂರ್ತಿ ಪರಿಹಾರವಾಗಿಲ್ಲ. ಬೋರು ಅಂತ ಗೊತ್ತಾದ ಮೇಲೂ ಅವರು '1,200 ಅಡಿ ಅಂದರೆ ಜಾಸ್ತಿನಾ?' ಅಂತ ಕೇಳಿದರು. ಅವರ ಊರಲ್ಲಿ ಹಗ್ಗ ಇಳಿಬಿಟ್ಟರೆ ನೀರು ಸಿಗುತ್ತದೆ. ಆಳದ ಅಂದಾಜು ಕೊಡಲು ಇನ್ನೊಂದು ಸಾಲು ಸೇರಿಸಬಹುದು, ಕೊರೆಯುವಾಗ ಒಂದರ ಹಿಂದೆ ಒಂದು ರಾಡು ಸೇರಿಸುತ್ತಾ ಹೋಗುವುದನ್ನು ಹೇಳಬಹುದು. ನಾನು ಸೇರಿಸುವುದಿಲ್ಲ. ಮುಖ ತೊಳೆಯುವ ಸಾಲು ಅವರಿಗೂ ತಲುಪಿತು, ಅಲ್ಲಿಂದ ಹಿಂದಕ್ಕೆ ಬಂದು ಅವರೇ ಆಳವನ್ನು ಅಳೆದುಕೊಂಡರು. ಆದರೆ ನಿಮ್ಮ ಕವನ ಕರಾವಳಿಯ ಕಡೆ ಹೋಗುವುದಿದ್ದರೆ ಈ ನಷ್ಟ ಗೊತ್ತಿರಲಿ.

ಕೊನೆಯದಾಗಿ 'ಹೋದ' ಎಂಬ ಪದ. ಸಹೋದ್ಯೋಗಿ 'ಹೋದರು' ಆಗಬೇಕಲ್ವಾ ಅಂದರು. 'ಹೋದರು' ಎಂದರೆ ಮಗಳು ಸ್ವಲ್ಪ ದೂರ ನಿಂತು ಗೌರವದಿಂದ ನೋಡುತ್ತಿದ್ದಾಳೆ. 'ಹೋದ' ಎಂದರೆ ಹತ್ತಿರ ಇದ್ದಾಳೆ, ಚಿಕ್ಕವಳಿರಬಹುದು. ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು ಮಾತಾಡುತ್ತಾರೆ, ಅಲ್ಲಿ ಅಪ್ಪ ಎಂಬ ಪದವೇ ಬೇರೆ ಇರುತ್ತದೆ. ನಿಮ್ಮ ಮನೆಯಲ್ಲಿ ಹೇಗೆ ಕರೆಯುತ್ತೀರೋ ನನಗೆ ಗೊತ್ತಿಲ್ಲ. ಒಂಬತ್ತು ಸಾಲಿನಲ್ಲಿ ನೀವು 'ಹೋದ' ಎಂದೇ ಬರೆದಿದ್ದಿರಿ. ಅದನ್ನು ನಾನು ಮುಟ್ಟಿಲ್ಲ.